ತೋಟದ ಹಳದಿ ಚಿಟ್ಟೆ: ಕಾಮನ್ ಗ್ರಾಸ್ ಯೆಲ್ಲೋ ಅಥವಾ ತ್ರೀ-ಸ್ಪಾಟ್? ಎರಡು ಉತ್ತರ ಸಿಕ್ಕಿದೆ, ಯಾವುದು ಸರಿ?

ಆಡೂರಿನ ತೋಟದಾಕೆ

ಎಲ್ಲರಿಗೂ ನಮಸ್ಕಾರ. ನಮ್ಮದು ಆಡೂರಿನ ಹತ್ತಿರ ಅಡಿಕೆ ತೋಟ. ಮಳೆ ಬಿಟ್ಟ ಮೇಲೆ ತೋಡಿನ ಬದಿಯಲ್ಲಿ ಹಳದಿ ಚಿಟ್ಟೆಗಳು ಜಾಸ್ತಿ. ಅದರಲ್ಲಿ ಒಂದರ ಫೋಟೋ ತೆಗೆದೆ. ಒಂದು ಗುಂಪಿನಲ್ಲಿ ಹಾಕಿದಾಗ ಕಾಮನ್ ಗ್ರಾಸ್ ಯೆಲ್ಲೋ ಅಂದರು. ಇನ್ನೊಂದು ಗುಂಪಿನವರು ಅದೇ ಫೋಟೋ ನೋಡಿ ತ್ರೀ-ಸ್ಪಾಟ್ ಗ್ರಾಸ್ ಯೆಲ್ಲೋ ಅಂದರು. ಎರಡೂ ಕಡೆ ಕಾರಣ ಹೇಳಲಿಲ್ಲ.

ಫೋಟೋ 1: ರೆಕ್ಕೆ ಮುಚ್ಚಿ ಕೂತದ್ದು, ಬದಿಯಿಂದ. ಫೋಟೋ 2: ಅದೇ ಚಿಟ್ಟೆ, ಸ್ವಲ್ಪ ಹತ್ತಿರದಿಂದ. ಫೋಟೋ 3 ಬೇರೆಯದು. ಮನೆ ಮೇಲಿನ ಪಾದೆಯಲ್ಲಿ, ಹುಲ್ಲಿನ ನಡುವೆ ಸಿಕ್ಕ ಸಣ್ಣ ಹಳದಿ ಚಿಟ್ಟೆ. ಇದರಲ್ಲಿ ಚುಕ್ಕೆಯೇ ಕಾಣುವುದಿಲ್ಲ. ಎರಡನ್ನೂ ಗುರುತಿಸಬಹುದಾ?

ಕುಂಬಳೆ ಮಾಷ್ಟ್ರು

ಇದು ಸುಲಭ ಅಕ್ಕ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ ಚುಕ್ಕೆ ಎಣಿಸಬೇಕು. ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ-ಸ್ಪಾಟ್, ಒಂದೇ ಇದ್ದರೆ ಒನ್-ಸ್ಪಾಟ್. ಫೋಟೋ 2ರಲ್ಲಿ ನನಗೆ ಮೂರು ಕಾಣುತ್ತದೆ, ಹಾಗಾಗಿ ತ್ರೀ-ಸ್ಪಾಟ್. ಫೋಟೋ 3ರಲ್ಲಿ ಚುಕ್ಕೆ ಇಲ್ಲ, ಅದು ಸ್ಪಾಟ್‌ಲೆಸ್ ಗ್ರಾಸ್ ಯೆಲ್ಲೋ. ಹೆಸರೇ ಹೇಳುತ್ತದಲ್ವಾ.

ಪೆರ್ಲದ ಗುಡ್ಡೆಯವ

ಮಾಷ್ಟ್ರೇ, ಚುಕ್ಕೆ ಎಣಿಸಬೇಕು ಎಂಬುದು ಸರಿ. ಆದರೆ ಯಾವ ಜಾಗದ ಚುಕ್ಕೆ ಎಂಬುದರಲ್ಲೇ ಎಲ್ಲ ಇದೆ.

ಮುಂದಿನ ರೆಕ್ಕೆಯ ಬುಡದಿಂದ ಹೆಚ್ಚುಕಡಿಮೆ ನಡುವಿನವರೆಗೆ, ಸುತ್ತ ನರಗಳಿರುವ ಒಂದು ಉದ್ದನೆಯ ಜಾಗ ಇದೆ. ಇದಕ್ಕೆ ಸೆಲ್ ಅನ್ನುತ್ತೇವೆ. ಎಣಿಸಬೇಕಾದದ್ದು ಇದರ ಒಳಗಿನ ಚುಕ್ಕೆ ಮಾತ್ರ. ಸೆಲ್ ಮುಗಿಯುವಲ್ಲಿ, ಅದರ ತುದಿಯ ನರದ ಮೇಲೆಯೇ ಗೇರುಬೀಜದ ಆಕಾರದ ಒಂದು ಗುರುತು ಇರುತ್ತದೆ. ಅಂಚು ಕಂದು, ನಡುವೆ ಹಳದಿ. ಅದು ಕಾಮನ್‌ಗೂ ಇದೆ, ತ್ರೀ-ಸ್ಪಾಟ್‌ಗೂ ಇದೆ. ಅದನ್ನು ಸೇರಿಸಿ ಎಣಿಸಿದರೆ ಕಾಮನ್ ಕೂಡ ಮೂರು ಚುಕ್ಕೆಯದ್ದಾಗಿ ಬಿಡುತ್ತದೆ.

ಫೋಟೋ 2ನ್ನು ದೊಡ್ಡದು ಮಾಡಿ ನೋಡಿ. ಬುಡದ ಕಡೆ ಒಂದು ಸಣ್ಣ ಚುಕ್ಕೆ, ಅದರ ಮುಂದೆ ಇನ್ನೊಂದು. ಮೂರನೆಯದು ಅಂತ ಕಾಣುವುದು ಉಳಿದೆರಡಕ್ಕಿಂತ ದೊಡ್ಡದು, ಉಂಗುರದ ಹಾಗೆ ಒಳಗೆ ಖಾಲಿ. ಅದೇ ಆ ತುದಿಯ ಗುರುತು. ಹಾಗಾಗಿ ನನ್ನ ಎಣಿಕೆ ಎರಡು. ಇಷ್ಟಾದರೂ ನಾನು ಈಗಲೇ ಕಾಮನ್ ಅಂತ ಬರೆದುಕೊಡುವುದಿಲ್ಲ. ಬುಡದ ಭಾಗವನ್ನು ಹಿಂದಿನ ರೆಕ್ಕೆ ಮುಚ್ಚಿದೆ, ನೋಡಿ. ಈ ಚಿಟ್ಟೆಗಳು ಕೂತ ತಕ್ಷಣ ಮುಂದಿನ ರೆಕ್ಕೆಯನ್ನು ಮೇಲೆತ್ತಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅದನ್ನು ಕೆಳಕ್ಕೆ ಎಳೆದು ಹಿಂದಿನ ರೆಕ್ಕೆಯ ಮರೆಗೆ ಸೇರಿಸುತ್ತವೆ. ಆಗ ಬುಡದ ಚುಕ್ಕೆ ಅಡಗಿ ಹೋಗಬಹುದು. ಕೂತ ಕೂಡಲೇ ತೆಗೆದ ಫೋಟೋ ಇದೆಯಾ ಅಕ್ಕ? ಮತ್ತೆ ಮೇಲ್ಮೈ ಕಾಣುವ ಯಾವುದಾದರೂ ಫೋಟೋ?

ಮುಳ್ಳೇರಿಯ ಕೃಷಿಕ

ನಮ್ಮಲ್ಲೂ ಇದೇ ತೊಂದರೆ. ಅಂಗಳದ ಬದಿಯ ಕಕ್ಕೆ ಗಿಡದ ಎಲೆಯನ್ನು ಹಸಿರು ಹುಳುಗಳು ಗುಂಪಾಗಿ ತಿಂದು ಮುಗಿಸಿವೆ. ಹಳದಿ ಚಿಟ್ಟೆಯ ಹುಳು ಅಂತ ಪಕ್ಕದ ಮನೆಯವರು ಹೇಳಿದರು. ಯಾವ ಮದ್ದು ಬಿಡಬೇಕು? ವಿಷುವಿಗೆ ಹೂ ಬೇಕಿತ್ತು.

ಪೆರ್ಲದ ಗುಡ್ಡೆಯವ

ಅಣ್ಣ, ಇಲ್ಲಿ ಕೇಳಿರುವುದು ಚಿಟ್ಟೆ ಗುರುತಿಸುವ ಬಗ್ಗೆ. ಆದರೂ ನಿಮ್ಮ ಹುಳು ನಮಗೆ ಉಪಯೋಗಕ್ಕೆ ಬರುತ್ತದೆ. ಅವುಗಳ ತಲೆಯ ಬಣ್ಣ ನೋಡಿ ಹೇಳಿ. ತ್ರೀ-ಸ್ಪಾಟ್ ಒಂದೇ ಕಡೆ ತುಂಬಾ ಮೊಟ್ಟೆ ಇಡುತ್ತದೆ. ಹುಳುಗಳು ಒಟ್ಟಿಗೆ ಇರುತ್ತವೆ, ತಲೆ ಕಪ್ಪು. ಕೋಶಗಳೂ ಒಂದೇ ಕಡ್ಡಿಯಲ್ಲಿ ಸಾಲಾಗಿ ನೇತಾಡುತ್ತವೆ. ಕಾಮನ್ ಹಾಗಲ್ಲ, ಅದು ಒಂದೊಂದೇ ಮೊಟ್ಟೆ ಇಡುತ್ತದೆ. ಹುಳುವಿನ ತಲೆಯೂ ಹಸಿರು. ತಗಟೆ ಗಿಡ ಇದ್ದಲ್ಲಿ ಅದನ್ನೇ ಜಾಸ್ತಿ ನೋಡಬಹುದು. ಕಕ್ಕೆಗೆ ಎಮಿಗ್ರಂಟ್ ಚಿಟ್ಟೆಯ ಹುಳುವೂ ಬರುತ್ತದೆ. ಮದ್ದು ಬೇಡ, ಕಕ್ಕೆ ಮತ್ತೆ ಚಿಗುರುತ್ತದೆ.

ಮುಳ್ಳೇರಿಯ ಕೃಷಿಕ

ಈಗಷ್ಟೇ ನೋಡಿ ಬಂದೆ. ತಲೆ ಕಪ್ಪು. ಒಂದೇ ಕಡ್ಡಿಯಲ್ಲಿ ಏಳೆಂಟು ಕೋಶವೂ ಇವೆ. ಹಾಗಾದರೆ ತ್ರೀ-ಸ್ಪಾಟಾ?

ಪೆರ್ಲದ ಗುಡ್ಡೆಯವ

ಅದರ ಕಡೆಗೇ ಇದೆ. ಕೋಶದಿಂದ ಹೊರಬಂದ ಚಿಟ್ಟೆ ರೆಕ್ಕೆ ಒಣಗಿಸುತ್ತಾ ಕೂತಿರುವಾಗ ಕೆಳಮೈ ಫೋಟೋ ತೆಗೆಯಿರಿ. ಸೆಲ್ ಚೆನ್ನಾಗಿ ಕಾಣುವ ಹೊತ್ತು ಅದು.

ಕುಂಬಳೆ ಮಾಷ್ಟ್ರು

ನನಗೆ ಒಂದು ಸಂಶಯ. ಸೆಲ್ ಒಳಗೆ ಮೂರು ಚುಕ್ಕೆ ಸ್ಪಷ್ಟ ಕಂಡರೆ ಮುಗಿಯಿತಲ್ವಾ? ಮೇಲ್ಮೈ ಯಾಕೆ ಬೇಕು? ಈ ಚಿಟ್ಟೆ ಕೂತಾಗ ರೆಕ್ಕೆ ಬಿಡಿಸುವುದೇ ಇಲ್ಲ. ಸಿಗದ ಫೋಟೋ ಕೇಳಿದರೆ ಜನ ಏನು ಮಾಡಬೇಕು?

ಪೆರ್ಲದ ಗುಡ್ಡೆಯವ

ಒಳ್ಳೆ ಪ್ರಶ್ನೆ ಮಾಷ್ಟ್ರೇ. ಮೂರು ಚುಕ್ಕೆ ಸೆಲ್ ಒಳಗೆ ಸ್ಪಷ್ಟ ಕಂಡರೆ ನಾನೂ ತ್ರೀ-ಸ್ಪಾಟ್ ಅನ್ನುತ್ತೇನೆ, ಮೇಲ್ಮೈಗೆ ಕಾಯುವುದಿಲ್ಲ. ತೊಂದರೆ ಇರುವುದು ಚುಕ್ಕೆ ಕಡಿಮೆ ಕಂಡಾಗ. ಇಲ್ಲದ ಚುಕ್ಕೆಗೂ ಅಡಗಿದ ಚುಕ್ಕೆಗೂ ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಮನ್‌ನಲ್ಲಿಯೇ ಚುಕ್ಕೆ ಮಂಕಾಗಿರುವುದು, ಒಂದು ಇಲ್ಲದಿರುವುದು ಎಲ್ಲ ಇದೆ. ಅದಕ್ಕೇ ಫೋಟೋ 3ನ್ನು ಹೆಸರು ನೋಡಿ ಸ್ಪಾಟ್‌ಲೆಸ್ ಅನ್ನಲು ಬರುವುದಿಲ್ಲ. ಸ್ಮಾಲ್ ಗ್ರಾಸ್ ಯೆಲ್ಲೋಗೂ ಸಾಮಾನ್ಯವಾಗಿ ಸೆಲ್‌ನಲ್ಲಿ ಚುಕ್ಕೆ ಇಲ್ಲ.

ಇಲ್ಲಿ ಮೇಲ್ಮೈಯ ಕಪ್ಪು ಅಂಚು ಕೆಲಸಕ್ಕೆ ಬರುತ್ತದೆ. ಕಾಮನ್‌ನ ಮುಂದಿನ ರೆಕ್ಕೆಯಲ್ಲಿ ಕಪ್ಪು ತುದಿಯ ಹತ್ತಿರ ಅಗಲ. ಕೆಳಗೆ ಬರುತ್ತಾ, ಹೊರ ಅಂಚಿನ ನಡುವಿನಲ್ಲಿ ತಟ್ಟನೆ ಕಿರಿದಾಗುತ್ತದೆ, ಹಳದಿ ಚೌಕವಾಗಿ ಕಪ್ಪಿನೊಳಗೆ ನುಗ್ಗಿರುತ್ತದೆ. ಕೆಳಮೂಲೆಯಲ್ಲಿ ಕಪ್ಪು ಮತ್ತೆ ಅಗಲವಾಗುತ್ತದೆ. ಸ್ಮಾಲ್‌ನಲ್ಲಿ ಈ ನುಗ್ಗು ಇಲ್ಲ, ಕಪ್ಪಿನ ಒಳಗೆರೆ ನಯವಾಗಿ ಇಳಿಯುತ್ತದೆ. ಸ್ಪಾಟ್‌ಲೆಸ್‌ನಲ್ಲಿ ಕಪ್ಪು ಕೆಳಮೂಲೆ ಮುಟ್ಟುವ ಮೊದಲೇ ನಿಲ್ಲುತ್ತದೆ, ಮುಂದಿನ ರೆಕ್ಕೆಯ ತುದಿಯೂ ಕೋನವಾಗಿರುತ್ತದೆ.

ಹಾಗಂತ ಮೇಲ್ಮೈ ಒಂದೇ ಇದ್ದರೂ ಸಾಲುವುದಿಲ್ಲ. ಕಾಮನ್ ಮತ್ತು ತ್ರೀ-ಸ್ಪಾಟ್‌ನ ಅಂಚು ತುಂಬಾ ಹತ್ತಿರ. ಅಂಚು ನೋಡಿ ಅವೆರಡನ್ನು ಬೇರೆ ಮಾಡಲು ನಾನು ಧೈರ್ಯ ಮಾಡುವುದಿಲ್ಲ. ಅಲ್ಲಿಗೆ ಕೆಳಮೈಯೇ ಬೇಕು. ಸ್ಮಾಲ್, ಸ್ಪಾಟ್‌ಲೆಸ್ ಅಲ್ಲ ಅಂತ ಹೇಳುವುದು ಮೇಲ್ಮೈ. ಉಳಿದವುಗಳಲ್ಲಿ ಯಾವುದು ಅಂತ ಹೇಳುವುದು ಕೆಳಮೈ.

ಆಡೂರಿನ ತೋಟದಾಕೆ

ಈಗ ಅರ್ಥವಾಯಿತು. ಆದರೆ ಮಾಷ್ಟ್ರು ಕೇಳಿದ್ದೇ ನನ್ನದೂ ಪ್ರಶ್ನೆ. ರೆಕ್ಕೆ ಬಿಡಿಸದ ಚಿಟ್ಟೆಯ ಮೇಲ್ಮೈ ಹೇಗೆ ತೆಗೆಯುವುದು? ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಹಿಡಿದು ಬಿಡಿಸಲು ಮನಸ್ಸಿಲ್ಲ.

ಪೆರ್ಲದ ಗುಡ್ಡೆಯವ

ಹಿಡಿಯಬೇಡಿ ಅಕ್ಕ, ಮುಟ್ಟಿದರೆ ರೆಕ್ಕೆಯ ಪುಡಿ ಉದುರುತ್ತದೆ. ಅದರ ಜೊತೆ ಅಂಚೂ ಚುಕ್ಕೆಯೂ ಹೋಗುತ್ತದೆ. ಹಿಡಿಯದೇ ತೆಗೆಯಲು ಎರಡು ದಾರಿ ಇದೆ.

ಮೊದಲನೆಯದು ಬಿಸಿಲನ್ನು ಎದುರಿಗೆ ಇಟ್ಟುಕೊಳ್ಳುವುದು. ಚಿಟ್ಟೆ ನಿಮ್ಮ ಮತ್ತು ಸೂರ್ಯನ ನಡುವೆ ಬರಬೇಕು. ಹಳದಿ ರೆಕ್ಕೆಯ ಮೂಲಕ ಬೆಳಕು ಬರುತ್ತದೆ, ಮೇಲ್ಮೈಯ ಕಪ್ಪು ಅಂಚು ಆಚೆ ಕಡೆಯಿಂದ ನೆರಳಾಗಿ ಕಾಣುತ್ತದೆ. ಮೊಬೈಲ್‌ನಲ್ಲಿ ಚಿಟ್ಟೆಯ ಮೇಲೆ ಒತ್ತಿ ಬೆಳಕನ್ನು ಸ್ವಲ್ಪ ಜಾಸ್ತಿ ಮಾಡಿ, ಇಲ್ಲದಿದ್ದರೆ ಇಡೀ ಚಿಟ್ಟೆ ಕಪ್ಪಾಗುತ್ತದೆ. ಒಂದು ಎಚ್ಚರಿಕೆ: ಮುಚ್ಚಿದ ರೆಕ್ಕೆಯಲ್ಲಿ ಎಡದ್ದೂ ಬಲದ್ದೂ ಒಂದರ ಮೇಲೊಂದು ಇರುತ್ತವೆ. ಅವು ಸ್ವಲ್ಪ ಸರಿದಿದ್ದರೆ ಅಂಚಿನ ಗೆರೆ ಎರಡಾಗಿ ಕಾಣುತ್ತದೆ, ನುಗ್ಗು ಮುಚ್ಚಿ ಹೋಗಬಹುದು. ನಾಲ್ಕೈದು ಕೋನದಿಂದ ತೆಗೆದರೆ ಒಂದಾದರೂ ಸರಿ ಬರುತ್ತದೆ.

ಎರಡನೆಯದು ಸ್ಲೋ ಮೋಷನ್ ವಿಡಿಯೋ. ತೋಡಿನ ಹತ್ತಿರ ಒದ್ದೆ ಮಣ್ಣು ಹೀರುವಾಗ ಅವು ಆಗಾಗ ಎದ್ದು ಕೂರುತ್ತವೆ. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿ, ಹಾರುವ ಹೊತ್ತಿನ ಫ್ರೇಮ್‌ಗಳನ್ನು ಒಂದೊಂದಾಗಿ ನೋಡಿ. ಕ್ಯಾಮೆರಾ ಇದ್ದವರು ಶಟರ್ 1/2000 ಅಥವಾ ಇನ್ನೂ ವೇಗ ಇಟ್ಟು ಸಾಲಾಗಿ ತೆಗೆಯಬಹುದು. ಮುಖ್ಯ ವಿಷಯ, ಮೇಲ್ಮೈಯೂ ಕೆಳಮೈಯೂ ಒಂದೇ ಚಿಟ್ಟೆಯದ್ದಾಗಿರಬೇಕು. ಒದ್ದೆ ಮಣ್ಣಿನಲ್ಲಿ ಎರಡು ಮೂರು ಜಾತಿ ಒಟ್ಟಿಗೆ ಕೂತಿರುತ್ತವೆ. ಒಂದರ ಕೆಳಮೈ, ಇನ್ನೊಂದರ ಮೇಲ್ಮೈ ಸೇರಿಸಿದರೆ ಎಲ್ಲೂ ಇಲ್ಲದ ಚಿಟ್ಟೆ ಹುಟ್ಟುತ್ತದೆ. ವಿಡಿಯೋದಲ್ಲಿ ಅದೇ ಚಿಟ್ಟೆ ಕೂತದ್ದೂ ಎದ್ದದ್ದೂ ಬರುತ್ತದೆ, ಸಂಶಯ ಉಳಿಯುವುದಿಲ್ಲ.

ಆಡೂರಿನ ತೋಟದಾಕೆ

ಇವತ್ತು ಬೆಳಿಗ್ಗೆ ತೋಡಿನ ಬದಿಯಲ್ಲಿ ವಿಡಿಯೋ ಮಾಡಿದೆ. ಒಂದೇ ಚಿಟ್ಟೆ, ಮೂರು ಫ್ರೇಮ್ ಹಾಕಿದ್ದೇನೆ. ಫ್ರೇಮ್ 1 ಕೂತ ತಕ್ಷಣದ್ದು, ರೆಕ್ಕೆ ಇನ್ನೂ ಮೇಲಿದೆ. ಫ್ರೇಮ್ 2 ಹಾರುವಾಗಿನದು, ಸ್ವಲ್ಪ ಮಸುಕು. ಫ್ರೇಮ್ 3 ಬಿಸಿಲಿಗೆ ಎದುರಾಗಿ.

ಪೆರ್ಲದ ಗುಡ್ಡೆಯವ

ತುಂಬಾ ಚೆನ್ನಾಗಿ ಸಿಕ್ಕಿದೆ. ಫ್ರೇಮ್ 1ರಲ್ಲಿ ಸೆಲ್ ಬುಡದವರೆಗೂ ತೆರೆದಿದೆ, ಒಳಗೆ ಎರಡೇ ಚುಕ್ಕೆ, ಆಮೇಲೆ ತುದಿಯ ಗುರುತು. ಫ್ರೇಮ್ 2ರಲ್ಲಿ ಹಳದಿ ನುಗ್ಗಿದ ಜಾಗ ಚೌಕವಾಗಿ ಕಾಣುತ್ತದೆ, ಕೆಳಮೂಲೆಯಲ್ಲಿ ಕಪ್ಪು ಮತ್ತೆ ಅಗಲ. ಈ ಚಿಟ್ಟೆ ಕಾಮನ್ ಗ್ರಾಸ್ ಯೆಲ್ಲೋ, ಗಟ್ಟಿಯಾಗಿ ಹೇಳುತ್ತೇನೆ. ಮೊದಲ ಫೋಟೋದ್ದು ಬಹುಶಃ ಅದೇ ಜಾತಿ. ಆದರೆ ಅದಕ್ಕೆ ಮೇಲ್ಮೈ ಇಲ್ಲ, ಬುಡವೂ ಅಡಗಿದೆ. ಅದನ್ನು ದಾಖಲೆ ಮಾಡುವಾಗ "ಯುರೀಮಾ ಕುಲ" ಅಂತ ಮಾತ್ರ ಬರೆಯಿರಿ.

ಬೇಸಿಗೆ ಹತ್ತಿರ ಬಂದಾಗ ಇದೇ ಚಿಟ್ಟೆ ಬೇರೆಯೇ ಕಾಣಬಹುದು. ಮುಂದಿನ ರೆಕ್ಕೆಯ ಕೆಳಮೈ ತುದಿಯಲ್ಲಿ ತುಕ್ಕಿನ ಬಣ್ಣದ ಮಚ್ಚೆ ಬರುತ್ತದೆ, ಮೇಲ್ಮೈಯ ಕಪ್ಪು ಕಿರಿದಾಗುತ್ತದೆ. ಆಗ ಹೊಸ ಜಾತಿ ಸಿಕ್ಕಿತು ಅನ್ನಿಸುತ್ತದೆ, ಅಲ್ಲ.

ಕುಂಬಳೆ ಮಾಷ್ಟ್ರು

ಫ್ರೇಮ್ 1 ನೋಡಿದೆ, ಎರಡೇ. ಪಾದೆಯ ಫೋಟೋ 3ರ ಬಗ್ಗೆ ಮಾತ್ರ ನಾನು ಒಪ್ಪುವುದಿಲ್ಲ. ರೆಕ್ಕೆಯ ತುದಿ ನನಗೆ ಕೋನವಾಗಿಯೇ ಕಾಣುತ್ತದೆ. ಸ್ಪಾಟ್‌ಲೆಸ್ ಇರಬೇಕು.

ಪೆರ್ಲದ ಗುಡ್ಡೆಯವ

ಇರಬಹುದು ಮಾಷ್ಟ್ರೇ. ಆದರೆ ಅದರ ಅಂಚಿನ ಕೂದಲು ನಸುಗುಲಾಬಿ ಇದ್ದ ಹಾಗೆ ನನಗೆ ಕಾಣುತ್ತದೆ, ಅದು ಸ್ಮಾಲ್ ಕಡೆಗೆ ಎಳೆಯುತ್ತದೆ. ತುದಿ ಕೋನವಾಗಿ ಕಾಣುವುದು ರೆಕ್ಕೆ ಸ್ವಲ್ಪ ವಾಲಿದ್ದರಿಂದಲೂ ಆಗಬಹುದು. ಗಾತ್ರವನ್ನು ನಂಬುವ ಹಾಗಿಲ್ಲ, ಹುಳುವಾಗಿದ್ದಾಗ ಮೇವು ಸಾಲದಿದ್ದರೆ ಕಾಮನ್ ಕೂಡ ಸಣ್ಣದಾಗಿ ಹುಟ್ಟುತ್ತದೆ. ಈ ಒಂದು ಫೋಟೋದಲ್ಲಿ ಇಷ್ಟೇ ಹೇಳಲು ಸಾಧ್ಯ. ಅಕ್ಕ, ಪಾದೆಗೆ ಹೋದರೆ ಬಿಸಿಲಿಗೆ ಎದುರಾಗಿ ಒಂದು ತೆಗೆಯಿರಿ. ಕೆಳಮೂಲೆಯವರೆಗೆ ಕಪ್ಪು ಹೋಗುತ್ತದಾ, ಮೊದಲೇ ನಿಲ್ಲುತ್ತದಾ ಅಂತ ನೋಡಿದರೆ ಸಾಕು.

ಆಡೂರಿನ ತೋಟದಾಕೆ

ಭಾನುವಾರ ಹೋಗುತ್ತೇನೆ. ಸಿಕ್ಕಿದರೆ ಇಲ್ಲೇ ಹಾಕುತ್ತೇನೆ.

ಮುಳ್ಳೇರಿಯ ಕೃಷಿಕ

ನಮ್ಮ ಕೋಶದಲ್ಲಿ ಒಂದು ಒಡೆದಿದೆ, ಚಿಟ್ಟೆ ಕಡ್ಡಿಯಲ್ಲೇ ಕೂತಿದೆ. ಕೆಳಮೈ ಫೋಟೋ ಹಾಕಿದ್ದೇನೆ. ಸೆಲ್ ಒಳಗೆ ಎಷ್ಟು ಅಂತ ನೀವೇ ಎಣಿಸಿ. ಉಂಗುರ ಬಿಟ್ಟು ನನಗೆ ಮೂರು ಸಿಕ್ಕಿತು.