ಕೆಲಸ ಬಿಟ್ಟ ಹುಡುಗನ ಹೆಸರು ಚಾನೆಲ್‌ನಲ್ಲಿ ಇನ್ನೂ ಇದೆಯೇ?

ಪ್ರಶ್ನೆ: ತರಬೇತಿ ಶಿಕ್ಷಕ, ಸಪ್ತಾಪುರ, ಧಾರವಾಡ

ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಪಾಠ ಹೇಳುವ ಯೂಟ್ಯೂಬ್ ಚಾನೆಲ್ ನಮ್ಮದು. ಜಾಹೀರಾತಿನಿಂದ ಸ್ವಲ್ಪ ಆದಾಯವೂ ಬರುತ್ತದೆ. ವಿಡಿಯೊ ಸಂಕಲನ ಮಾಡುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಈಚೆಗೆ ಸಂವಿಧಾನದ ಎರಡು ಪಾಠಗಳು ಕಾಣುತ್ತಿಲ್ಲ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದಾರೆ. ಚಾನೆಲ್ ಯಾರ ಯಾರ ಕೈಯಲ್ಲಿದೆ, ಯಾರು ಏನೆಲ್ಲ ಮಾಡಬಲ್ಲರು ಎಂದು ಎಲ್ಲಿ ನೋಡಬೇಕು? ಅವನ ಜಾಗಕ್ಕೆ ಬರುವ ಹುಡುಗಿಗೆ ಆದಾಯ ಕಾಣಬಾರದು.

ಉತ್ತರ: ಹಲವು ಚಾನೆಲ್‌ಗಳ ನಿರ್ವಹಣೆ ನೋಡಿಕೊಳ್ಳುವವರು, ವಿದ್ಯಾನಗರ, ಹುಬ್ಬಳ್ಳಿ

ಸರ್, ಮೊಬೈಲ್ ಬದಿಗಿಟ್ಟು ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ. ಚಾನೆಲ್‌ನ ಮೂಲ ಜಿಮೇಲ್‌ನಿಂದ studio.youtube.com ತೆರೆಯಿರಿ. ಎಡಬದಿಯ ಕೆಳಗೆ Settings, ಅದರೊಳಗೆ Permissions ಇದೆ. ಪ್ರವೇಶ ಇರುವವರ ಇಮೇಲ್‌ಗಳು, ಪ್ರತಿಯೊಂದರ ಎದುರು ಅವರ ಪಾತ್ರ, ಎರಡೂ ಅಲ್ಲಿ ಕಾಣುತ್ತವೆ. ಆಹ್ವಾನ ಕಳಿಸಿದ್ದೀರಿ, ಅವರು ಇನ್ನೂ ಒಪ್ಪಿಲ್ಲ ಎಂದಾದರೆ ಅದೂ ಪಟ್ಟಿಯಲ್ಲೇ ಇರುತ್ತದೆ. 30 ದಿನಗಳೊಳಗೆ ಒಪ್ಪದಿದ್ದರೆ ಆ ಆಹ್ವಾನ ರದ್ದಾಗುತ್ತದೆ.

ಪಟ್ಟಿ ಓದುವಾಗ ಹೆಸರು ನೋಡಿ ಸಮಾಧಾನಪಡಬೇಡಿ, ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಒಬ್ಬನೇ ಮನುಷ್ಯ ಎರಡು ಜಿಮೇಲ್‌ಗಳಿಂದ ಒಳಗಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಇನ್ನು ಪಾತ್ರಗಳು. ನಿಮ್ಮ ಪ್ರಶ್ನೆಗೆ ಮುಖ್ಯವಾದ ಗೆರೆ ಮ್ಯಾನೇಜರ್ ಮತ್ತು ಎಡಿಟರ್ ನಡುವೆ ಇದೆ. ಮ್ಯಾನೇಜರ್ ಚಾನೆಲ್ಲನ್ನೇ ಅಳಿಸಲಾರ, ಅದು ಮಾಲೀಕರ ಕೈಯಲ್ಲಿ ಮಾತ್ರ. ಆದರೆ ಪ್ರಕಟವಾದ ವಿಡಿಯೊಗಳನ್ನು ಅಳಿಸಬಲ್ಲ, ಹೊಸಬರನ್ನು ಸೇರಿಸಬಲ್ಲ, ಇದ್ದವರನ್ನು ತೆಗೆಯಬಲ್ಲ. ಎಡಿಟರ್ ವಿಡಿಯೊ ಏರಿಸಬಲ್ಲ, ಪ್ರಕಟಿಸಬಲ್ಲ, ಶೀರ್ಷಿಕೆ, ವಿವರಣೆ, ಥಂಬ್‌ನೇಲ್ ಬದಲಿಸಬಲ್ಲ, ಆದಾಯವನ್ನೂ ನೋಡಬಲ್ಲ. ಪ್ರಕಟವಾದದ್ದನ್ನು ಅಳಿಸಲಾರ, ಯಾರನ್ನೂ ಸೇರಿಸಲಾರ.

ಹೊಸ ಹುಡುಗಿಗೆ ಬೇಕಾದದ್ದು Editor ಎಂಬುದರ ಪಕ್ಕದಲ್ಲಿ limited ಎಂದು ಬರೆದಿರುವ ಪಾತ್ರ. ಎಡಿಟರ್ ಮಾಡುವ ಕೆಲಸವೆಲ್ಲ ಅದರಲ್ಲಿ ಆಗುತ್ತದೆ, ಆದಾಯದ ಅಂಕಿ ಮಾತ್ರ ಕಾಣುವುದಿಲ್ಲ. ವೀಕ್ಷಣೆ ಎಷ್ಟು ಎಂಬುದು ಕಾಣುತ್ತದೆ, ಆದ್ದರಿಂದ ಲೆಕ್ಕ ಬಲ್ಲವಳಾದರೆ ಅಂದಾಜು ಮಾಡಿಯೇ ಮಾಡುತ್ತಾಳೆ. ಅದಕ್ಕೆ ಯೂಟ್ಯೂಬ್ ಬಳಿ ಔಷಧವಿಲ್ಲ.

ಕಾಣದ ಎರಡು ಪಾಠಗಳ ವಿಷಯಕ್ಕೆ ಬರುತ್ತೇನೆ. ಸ್ಟುಡಿಯೊದ ಎಡಬದಿಯ Content ತೆರೆಯಿರಿ. ಅಲ್ಲಿ ಏರಿಸಿದ ವಿಡಿಯೊಗಳದೇ ಒಂದು ಪಟ್ಟಿ, ನೇರಪ್ರಸಾರಗಳದೇ ಬೇರೆ ಪಟ್ಟಿ. ಎರಡನ್ನೂ ನೋಡಿ. ನೇರಪ್ರಸಾರದಲ್ಲಿ ಮಾಡಿದ ಪಾಠವನ್ನು ಮೊದಲ ಪಟ್ಟಿಯಲ್ಲಿ ಹುಡುಕಿ, ಇಲ್ಲವೆಂದು ಗಾಬರಿಯಾಗುವವರು ಬಹಳ. ಪಾಠ ಪಟ್ಟಿಯಲ್ಲಿದ್ದು ಎದುರಿಗೆ Private ಎಂದಿದ್ದರೆ ಯಾರೋ ಅದನ್ನು ಮರೆಮಾಡಿದ್ದಾರೆ ಎಂದರ್ಥ. ಹಾಗೆ ಮಾಡಲು ಎಡಿಟರ್ ಪಾತ್ರವೇ ಸಾಕು. ಎರಡೂ ಪಟ್ಟಿಗಳಲ್ಲಿ ಪಾಠದ ಸುಳಿವೇ ಇಲ್ಲದಿದ್ದರೆ ಅದನ್ನು ಅಳಿಸಲಾಗಿದೆ. ಹಾಗಾದರೆ ಮ್ಯಾನೇಜರ್, ಮಾಲೀಕರು, ಇಲ್ಲವೇ ನಿಮ್ಮ ಪಾಸ್‌ವರ್ಡ್ ಬಲ್ಲವರು, ಇಷ್ಟೇ ಜನರಲ್ಲಿ ಹುಡುಕಬೇಕು. ಅಳಿಸಿದ ವಿಡಿಯೊ ಮರಳಿ ಬರುವುದಿಲ್ಲ, ಮೂಲ ಕಡತ ಇದ್ದರೆ ಹೊಸದಾಗಿ ಏರಿಸಬೇಕು.

ನೋಡಿ ಹೇಳಿ. ಅಲ್ಲಿಯವರೆಗೆ ಯಾರನ್ನೂ ತೆಗೆಯಬೇಡಿ, ಮೊದಲು ಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ.

ಸಂಗೀತ ಚಾನೆಲ್ ನಡೆಸುವವರು, ಗದಗ

ಅಕ್ಕಾ, ಮ್ಯಾನೇಜರ್ ಯಾರನ್ನೂ ಸೇರಿಸಲಾರ. ನಮ್ಮ ಚಾನೆಲ್‌ನಲ್ಲಿ ನಾನೇ ಮ್ಯಾನೇಜರ್. ತಬಲಾ ಮಾಸ್ತರರನ್ನು ಸೇರಿಸಲು ಹೋದರೆ ಆ ಅವಕಾಶವೇ ಕಾಣಲಿಲ್ಲ, ಮಾಲೀಕರೇ ಸೇರಿಸಬೇಕಾಯಿತು. ಆದ್ದರಿಂದ ಎಲ್ಲರನ್ನೂ ಮ್ಯಾನೇಜರ್ ಮಾಡಿದರೂ ಅಪಾಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರಿಸಿದವರು, ಹುಬ್ಬಳ್ಳಿ

ನೀವು ಕಂಡದ್ದು ನಿಜ, ತೆಗೆದ ತೀರ್ಮಾನ ತಪ್ಪು. ನಿಮ್ಮ ಚಾನೆಲ್ ಹಳೆಯ ಬ್ರ್ಯಾಂಡ್ ಅಕೌಂಟ್ ಪದ್ಧತಿಯಲ್ಲಿದೆ. ಅಲ್ಲಿ ಮ್ಯಾನೇಜರ್ ಎಂಬ ಹೆಸರು ಒಂದೇ ಆದರೂ ಅಧಿಕಾರ ಬೇರೆ, ಜನರನ್ನು ಸೇರಿಸುವುದು ಮಾಲೀಕರ ಪಾಲಿಗೆ ಮಾತ್ರ. ಸ್ಟುಡಿಯೊದ ಪದ್ಧತಿಯಲ್ಲಿ ಮ್ಯಾನೇಜರ್ ಜನರನ್ನು ಸೇರಿಸುತ್ತಾನೆ.

ಯಾವುದು ನಿಮ್ಮದು ಎಂದು ತಿಳಿಯಬೇಕಾದರೆ myaccount.google.com/brandaccounts ತೆರೆದು ನೋಡಿ. ಅಲ್ಲಿ ಚಾನೆಲ್‌ನ ಹೆಸರಿದ್ದು, Manage permissions ಒತ್ತಿದಾಗ ಮಾಲೀಕರು, ಮ್ಯಾನೇಜರ್ ಎಂದು ನಿಮ್ಮ ಮಂದಿಯ ಹೆಸರುಗಳು ಬಂದರೆ ಅದು ಹಳೆಯ ಪದ್ಧತಿ. ಆ ಪದ್ಧತಿಯಲ್ಲಿ ಆದಾಯ ಮುಚ್ಚಿಡುವ ಪಾತ್ರವೇ ಇಲ್ಲ. ತಬಲಾ ಮಾಸ್ತರರಿಗೆ ನಿಮ್ಮ ಲೆಕ್ಕವೆಲ್ಲ ಕಾಣುತ್ತಿದೆ ಎಂದುಕೊಳ್ಳಿ.

ಸಂಗೀತ ಚಾನೆಲ್, ಗದಗ

ಕಾಣಲಿ ಬಿಡಿ, ಮುಚ್ಚಿಡುವಷ್ಟು ಬಂದರೆ ತಾನೇ! ಆದರೆ ನಮ್ಮ ಮಾಲೀಕರಿಗೆ ವಯಸ್ಸಾಗಿದೆ. ಅವರ ಜಿಮೇಲ್ ಅನ್ನು ಅವರ ಮೊಮ್ಮಗನೇ ತೆರೆಯುತ್ತಾನೆ. ಹೊಸ ಪದ್ಧತಿಗೆ ಹೋಗುವುದೇ ಒಳ್ಳೆಯದೇ?

ಉತ್ತರಿಸಿದವರು, ಹುಬ್ಬಳ್ಳಿ

ಅವಸರ ಬೇಡ. ಹಳೆಯ ಪದ್ಧತಿಯ ಒಂದು ಅನುಕೂಲ ನಿಮಗೇ ಬೇಕಾಗುತ್ತದೆ. ಅಲ್ಲಿ ಒಬ್ಬರಿಗಿಂತ ಹೆಚ್ಚು ಮಾಲೀಕರು ಇರಬಹುದು, ಮುಖ್ಯ ಮಾಲೀಕತ್ವವನ್ನು ಇನ್ನೊಬ್ಬರಿಗೆ ದಾಟಿಸಬಹುದು. ದಾಟಿಸಬೇಕಾದವರು ಅದಕ್ಕೆ ಮೊದಲು ಕನಿಷ್ಠ 7 ದಿನ ಮಾಲೀಕರ ಪಟ್ಟಿಯಲ್ಲಿ ಇದ್ದಿರಬೇಕು. ಸ್ಟುಡಿಯೊದ ಪಾತ್ರಗಳ ಪಟ್ಟಿಯಿಂದ ಮಾಲೀಕತ್ವ ದಾಟಿಸಲು ಬರುವುದಿಲ್ಲ. ಮೊದಲು ಹಿರಿಯರ ಜೊತೆ ಕುಳಿತು ಅದನ್ನು ಇತ್ಯರ್ಥ ಮಾಡಿಕೊಳ್ಳಿ. ಯಾರ ಹೆಸರಿಗೆ ಎಂಬುದು ನಿಮ್ಮ ಸಂಘದ ಮಾತು, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ಮೆಣಸಿನಕಾಯಿ ದರ ಹೇಳುವ ಚಾನೆಲ್‌ನವರು, ಬ್ಯಾಡಗಿ

ನಮಗೂ ಇದೇ ತೊಂದರೆ ಇದೆ ಮೇಡಂ. ಮಾರುಕಟ್ಟೆಯಿಂದ ನೇರಪ್ರಸಾರ ಮಾಡುವಾಗ ಒಬ್ಬ ಬಂದು ರೈತರ ಕಮೆಂಟ್‌ಗಳನ್ನು ತೆಗೆದುಹಾಕುತ್ತಾನೆ. ಹೆಸರಿನ ಪಕ್ಕ ನೀಲಿ ಗುರುತೂ ಇದೆ. ನೀವು ಹೇಳಿದ Permissions ನೋಡಿದೆ, ನನ್ನದೊಂದೇ ಹೆಸರಿದೆ. ಹಾಗಾದರೆ ಚಾನೆಲ್ ಹ್ಯಾಕ್ ಆಗಿದೆಯೇ?

ಉತ್ತರಿಸಿದವರು, ಹುಬ್ಬಳ್ಳಿ

ಇಲ್ಲ ಅಣ್ಣಾ, ನಿಮ್ಮದು ಬೇರೆಯೇ ವಿಷಯ. ಅವನು ಮಾಡರೇಟರ್. ಎಂದೋ ಚಾಟ್‌ನಲ್ಲಿ ಅವನ ಹೆಸರಿನ ಮೇಲೆ ಒತ್ತಿ ನೀವೋ ನಿಮ್ಮವರೋ ಆ ಕೆಲಸ ಕೊಟ್ಟಿರುತ್ತೀರಿ. ಮಾಡರೇಟರ್‌ಗಳು Permissions ಪಟ್ಟಿಯಲ್ಲಿ ಬರುವುದಿಲ್ಲ. Settings ಒಳಗೆ Community ಎಂಬ ಭಾಗದಲ್ಲಿ ಅವರ ಪಟ್ಟಿ ಇದೆ, ಅಲ್ಲಿಂದ ತೆಗೆಯಿರಿ. ಅವನು ಕಮೆಂಟ್‌ಗಳಿಗೆ ಕೈ ಹಾಕಬಲ್ಲ, ನಿಮ್ಮ ವಿಡಿಯೊಗಳನ್ನು ಮುಟ್ಟಲಾರ. ದರ ಏರಿದ ದಿನ ಯಾರ ಕಮೆಂಟ್ ಹೋಗುತ್ತಿದೆ ಎಂದು ನೋಡಿದರೆ ಅವನು ಯಾರ ಕಡೆಯವನು ಎಂಬುದೂ ತಿಳಿಯಬಹುದು!

ಕೇಳಿದವರು, ಧಾರವಾಡ

ನೋಡಿದೆ ಮೇಡಂ. ಬ್ರ್ಯಾಂಡ್ ಅಕೌಂಟ್ ಅಲ್ಲ. Permissions ಪಟ್ಟಿಯಲ್ಲಿ ನನ್ನನ್ನು ಬಿಟ್ಟು ಮೂವರಿದ್ದಾರೆ. ಇತಿಹಾಸ ಹೇಳುವ ಸಹೋದ್ಯೋಗಿ ಎಡಿಟರ್. ಕೆಲಸ ಬಿಟ್ಟ ಹುಡುಗ ಮ್ಯಾನೇಜರ್. ಮೂರನೆಯ ಇಮೇಲ್ ಯಾರದೆಂದು ಗೊತ್ತಿಲ್ಲ, ಅದೂ ಮ್ಯಾನೇಜರ್. ಪಾಠಗಳಲ್ಲಿ ಮೂಲಭೂತ ಹಕ್ಕುಗಳದು Private ಆಗಿದೆ. ರಾಜ್ಯ ನೀತಿ ನಿರ್ದೇಶಕ ತತ್ವಗಳದು ಎರಡೂ ಪಟ್ಟಿಗಳಲ್ಲಿ ಇಲ್ಲ. ಹುಡುಗನಿಗೆ ಫೋನ್ ಮಾಡಿದರೆ ಮೂರನೆಯದು ತನ್ನ ಲ್ಯಾಪ್‌ಟಾಪ್‌ನ ಹಳೆಯ ಜಿಮೇಲ್ ಎನ್ನುತ್ತಾನೆ. ವಿಡಿಯೊ ಮುಟ್ಟಿಲ್ಲವಂತೆ. ಸಹೋದ್ಯೋಗಿಯೂ ಇಲ್ಲ ಎನ್ನುತ್ತಾರೆ. ನಮ್ಮ ಸ್ಟುಡಿಯೊ ಕೋಣೆಯ ಕಂಪ್ಯೂಟರ್‌ನಲ್ಲಿ ನನ್ನ ಜಿಮೇಲ್ ಸದಾ ತೆರೆದೇ ಇರುತ್ತದೆ, ಅದರಿಂದಲೂ ಆಗಿರಬಹುದೇ?

ಉತ್ತರಿಸಿದವರು, ಹುಬ್ಬಳ್ಳಿ

ಆಗಿರಬಹುದು, ಮತ್ತು ಅದೇ ನಿಮ್ಮ ದೊಡ್ಡ ತೊಂದರೆ. ಆ ಕಂಪ್ಯೂಟರ್ ಮುಂದೆ ಕುಳಿತವರೆಲ್ಲ ಯೂಟ್ಯೂಬ್ ಲೆಕ್ಕದಲ್ಲಿ ನೀವೇ. ಎಡಿಟರ್, ಮ್ಯಾನೇಜರ್ ಎಂಬ ಭೇದವೆಲ್ಲ ಅಲ್ಲಿಗೆ ಮುಗಿಯಿತು. ಆದಾಯ ಬರುವ ಚಾನೆಲ್‌ಗಳಿಗೆ ಎರಡು ಹಂತದ ದೃಢೀಕರಣ 2021ರ ನವೆಂಬರ್‌ನಿಂದ ಕಡ್ಡಾಯವಾಗಿದೆ ನಿಜ. ಆದರೆ ಒಮ್ಮೆ ನಂಬಿ ತೆರೆದಿಟ್ಟ ಕಂಪ್ಯೂಟರ್ ಮತ್ತೆ ಮತ್ತೆ ಕೋಡ್ ಕೇಳುವುದಿಲ್ಲ.

ಈಗ ಕ್ರಮವಾಗಿ ಮಾಡಿ. ಮೊದಲು ಹುಡುಗನ ಎರಡೂ ಇಮೇಲ್‌ಗಳನ್ನು ತೆಗೆಯಿರಿ. ಒಂದನ್ನು ಉಳಿಸಿದರೂ ಆ ಮ್ಯಾನೇಜರ್ ಇನ್ನೊಂದನ್ನು ಮರಳಿ ಸೇರಿಸಬಲ್ಲ. ಒಬ್ಬನನ್ನು ತೆಗೆದ ಮಾತ್ರಕ್ಕೆ ಅವನು ಸೇರಿಸಿದವರು ತಾವಾಗಿ ಹೋಗುವುದಿಲ್ಲ, ಅದಕ್ಕೇ ಪಟ್ಟಿಯನ್ನು ಪೂರ್ತಿ ಓದಿ ಎಂದದ್ದು. ಎರಡನೆಯದು, ಜಿಮೇಲ್ ಪಾಸ್‌ವರ್ಡ್ ಬದಲಿಸಿ. myaccount.google.com/device-activity ನಲ್ಲಿ ನಿಮ್ಮದಲ್ಲದ ಪ್ರತಿ ಸಾಧನದಿಂದಲೂ ಸೈನ್ ಔಟ್ ಮಾಡಿ, ಸ್ಟುಡಿಯೊ ಕೋಣೆಯದನ್ನೂ ಸೇರಿಸಿ. ಮೂರನೆಯದು, myaccount.google.com/connections ನಲ್ಲಿ ಚಾನೆಲ್‌ಗೆ ಅನುಮತಿ ಪಡೆದ ಹೊರಗಿನ ಆ್ಯಪ್‌ಗಳಿರುತ್ತವೆ. ಆ ಹುಡುಗ ನಿಮ್ಮ ಖಾತೆಯಿಂದ ಹಾಕಿಕೊಂಡದ್ದು ಏನಾದರೂ ಇದ್ದರೆ ಕಿತ್ತುಹಾಕಿ. ನೇರಪ್ರಸಾರ ಮಾಡುತ್ತೀರಾದರೆ ಸ್ಟ್ರೀಮ್ ಕೀಯನ್ನೂ ರೀಸೆಟ್ ಮಾಡಿ. ಆ ಕೀ ಅವನ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲದೆಯೂ ನಿಮ್ಮ ಚಾನೆಲ್‌ಗೆ ಪ್ರಸಾರ ಕಳಿಸಬಹುದು.

ಸ್ಟುಡಿಯೊ ಕೋಣೆಯ ಕಂಪ್ಯೂಟರ್‌ನಲ್ಲಿ ಇನ್ನು ಮೇಲೆ ಆಯಾ ವ್ಯಕ್ತಿಯ ಸ್ವಂತ ಜಿಮೇಲ್ ಮಾತ್ರ ತೆರೆಯಲಿ. ಅವರಿಗೆ ಕೊಟ್ಟ ಪಾತ್ರ ಅವರ ಜಿಮೇಲ್‌ಗೇ ಸೇರಿದ್ದು, ನಿಮ್ಮ ಪಾಸ್‌ವರ್ಡ್ ಯಾರಿಗೂ ಬೇಕಾಗಿಲ್ಲ.

ಯಾರು ಅಳಿಸಿದರು ಎಂಬುದಕ್ಕೆ ಪಾತ್ರಗಳಿಂದ ಇಷ್ಟು ಮಾತ್ರ ಹೇಳಬಹುದು: ಸಹೋದ್ಯೋಗಿ ತಮ್ಮ ಎಡಿಟರ್ ಪಾತ್ರದಿಂದ ಮೂಲಭೂತ ಹಕ್ಕುಗಳ ಪಾಠವನ್ನು ಮರೆಮಾಡಿರಬಹುದು, ನಿರ್ದೇಶಕ ತತ್ವಗಳದನ್ನು ಅಳಿಸಿರಲಾರರು. ಆದರೆ ಅವರೂ ಆ ಕಂಪ್ಯೂಟರ್ ಬಳಸುತ್ತಾರೆ ಅಲ್ಲವೇ? ಹಾಗಿದ್ದರೆ ಹುಡುಗನ ಮೇಲೆ ನೇರವಾಗಿ ಹೊರಿಸಲು ನಿಮ್ಮ ಬಳಿ ಆಧಾರವಿಲ್ಲ.

ಲೆಕ್ಕಪತ್ರ ನೋಡುವವರು, ಹುಬ್ಬಳ್ಳಿ

ಒಂದು ಮಾತು ಸೇರಿಸುತ್ತೇನೆ. ಆದಾಯ ತೆರಿಗೆಯ ಲೆಕ್ಕಕ್ಕೆಂದು ನನ್ನನ್ನು ಮ್ಯಾನೇಜರ್ ಮಾಡಿದ ಕಕ್ಷಿದಾರರಿದ್ದಾರೆ. ನನಗೆ ಅಷ್ಟು ಅಧಿಕಾರ ಏಕೆ? ಮ್ಯಾನೇಜರ್ ಆದವನು ಬ್ಯಾಂಕ್ ಖಾತೆಯನ್ನೂ ಬದಲಿಸಬಹುದಲ್ಲವೇ?

ಉತ್ತರಿಸಿದವರು, ಹುಬ್ಬಳ್ಳಿ

ಬ್ಯಾಂಕ್ ವಿವರ ಆ್ಯಡ್‌ಸೆನ್ಸ್ ಖಾತೆಯಲ್ಲಿರುತ್ತದೆ. ಅದರ ಬಳಕೆದಾರರ ಪಟ್ಟಿಯೇ ಬೇರೆ, ಯೂಟ್ಯೂಬ್ ಮ್ಯಾನೇಜರ್ ಆದ ಮಾತ್ರಕ್ಕೆ ಅದು ತೆರೆಯುವುದಿಲ್ಲ. ನಿಮಗೆ ಅಂಕಿ ನೋಡುವುದಷ್ಟೇ ಕೆಲಸವಾದರೆ Viewer ಸಾಕು. ಆದಾಯ ಕಾಣುತ್ತದೆ, ಯಾವುದನ್ನೂ ಬದಲಿಸಲು ಬರುವುದಿಲ್ಲ. ಅದರಲ್ಲೂ limited ಇದೆ, ಅದನ್ನು ಕೊಟ್ಟರೆ ನಿಮಗೆ ಬೇಕಾದ ಅಂಕಿಯೇ ಕಾಣುವುದಿಲ್ಲ.

ಕೇಳಿದವರು, ಧಾರವಾಡ

ಎರಡೂ ಇಮೇಲ್ ತೆಗೆದೆ, ಪಾಸ್‌ವರ್ಡ್ ಬದಲಾಯಿತು. ಹೊಸ ಹುಡುಗಿಗೆ limited ಇರುವ ಎಡಿಟರ್ ಆಹ್ವಾನ ಹೋಗಿದೆ. ಮೂಲಭೂತ ಹಕ್ಕುಗಳನ್ನು ಮತ್ತೆ ಸಾರ್ವಜನಿಕ ಮಾಡಿದೆ. ಇನ್ನೊಂದರ ಮೂಲ ಕಡತ ಆ ಹುಡುಗನ ಲ್ಯಾಪ್‌ಟಾಪ್‌ನಲ್ಲೇ ಇರಬೇಕು, ಕೇಳಿದರೆ ಹುಡುಕಿ ಕಳಿಸುತ್ತೇನೆ ಎಂದಿದ್ದಾನೆ. ಸಹೋದ್ಯೋಗಿ ಮಾತ್ರ ಸ್ಟುಡಿಯೊ ಕೋಣೆಯಲ್ಲಿ ತಮ್ಮ ಜಿಮೇಲ್ ತೆರೆಯಲು ಒಪ್ಪುತ್ತಿಲ್ಲ.

ಉತ್ತರಿಸಿದವರು, ಹುಬ್ಬಳ್ಳಿ

ಚಾನೆಲ್ ಕೆಲಸಕ್ಕೆಂದೇ ಅವರು ಬೇರೊಂದು ಜಿಮೇಲ್ ಮಾಡಿಕೊಳ್ಳಲಿ, ಅದನ್ನು ಎಡಿಟರ್ ಆಗಿ ಸೇರಿಸಿ, ಹಳೆಯದನ್ನು ತೆಗೆಯಿರಿ. ಹಳೆಯದನ್ನು ತೆಗೆಯಲು ಮಾತ್ರ ಮರೆಯಬೇಡಿ ಸರ್.