"ಐ ಯೂಸ್ಡ್ ಟು ವರ್ಕ್" ಎಂದು ಬರೆದೆ, "ಯಾಕೆ ಬಿಟ್ಟಿರಿ?" ಎಂದು ಕೇಳಿದರು

ಪ್ರಶ್ನೆ, ದಾವಣಗೆರೆಯ ನರ್ಸ್:
ಮೇಡಂ, ಹೊರದೇಶದ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದೆ. ಅದರಲ್ಲಿ "ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್" ಎಂದು ಬರೆದೆ. ನೈಟ್ ಡ್ಯೂಟಿ ನನಗೆ ಅಭ್ಯಾಸ ಇದೆ ಅನ್ನೋದು ನನ್ನ ಮನಸ್ಸಿನಲ್ಲಿ ಇದ್ದದ್ದು. ಇಂಟರ್‌ವ್ಯೂನಲ್ಲಿ "ಈಗ ಯಾಕೆ ಬಿಟ್ಟಿರಿ?" ಎಂದು ಕೇಳಿದರು. ಗಾಬರಿಯಾಗಿ "ಐ ಆಮ್ ಯೂಸ್ಡ್ ಟು ವರ್ಕ್" ಎಂದೆ. ಅದೂ ತಪ್ಪಂತೆ. ಎಲ್ಲಿ ವರ್ಕ್, ಎಲ್ಲಿ ವರ್ಕಿಂಗ್?

ಉತ್ತರ, ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ:
ನೀವು ಬರೆದ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ. ತೊಂದರೆ ಆಗಿದ್ದೇ ಅದರಿಂದ. ಓದಿದವರಿಗೆ "ಮೊದಲು ನೈಟ್ ಡ್ಯೂಟಿ ಮಾಡುತ್ತಿದ್ದೆ, ಈಗ ಇಲ್ಲ" ಎಂದು ಅರ್ಥವಾಗಿದೆ. ನಿಮಗೆ ಬೇಕಿದ್ದದ್ದು "ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್".

ಈ ತಪ್ಪು ನಮ್ಮವರಲ್ಲಿ ಜಾಸ್ತಿ. ಕನ್ನಡದಲ್ಲಿ "ನನಗೆ ಅಭ್ಯಾಸ" ಎಂದರೆ ಸಾಕು, ಮಾತು ಮುಗಿಯಿತು. 'ಆಮ್' ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲೂ ಅದು ಬಿದ್ದುಹೋಗುತ್ತದೆ. ಆದರೆ ಅಭ್ಯಾಸ ಆಗಿರುವ ಅರ್ಥದಲ್ಲಿ 'ಯೂಸ್ಡ್' ಅನ್ನೋದು 'ಟೈರ್ಡ್' ಇದ್ದ ಹಾಗೆ. "ಐ ಟೈರ್ಡ್" ಅನ್ನುವುದಿಲ್ಲ, "ಐ ಆಮ್ ಟೈರ್ಡ್" ಅನ್ನುತ್ತೀರಿ ಅಲ್ವಾ? ಇದೂ ಅಷ್ಟೇ.

ಇನ್ನು 'ಟು' ವಿಷಯ. ನೋಡಲು ಒಂದೇ, ಆದರೆ ಎರಡು ಬೇರೆ ಬೇರೆ 'ಟು' ಇವೆ. "ಐ ಯೂಸ್ಡ್ ಟು ವರ್ಕ್" ಎಂಬಲ್ಲಿ ಅದು ಮುಂದಿನ ಕ್ರಿಯಾಪದಕ್ಕೆ ಅಂಟಿಕೊಂಡದ್ದು. "ಐ ಆಮ್ ಯೂಸ್ಡ್ ಟು" ಎಂಬಲ್ಲಿ ಅದು ನಮ್ಮ 'ಗೆ', 'ಕ್ಕೆ' ಇದ್ದ ಹಾಗೆ. ಚಳಿಗೆ ಒಗ್ಗಿದ್ದೇನೆ, ಗದ್ದಲಕ್ಕೆ ಒಗ್ಗಿದ್ದೇನೆ. ಈಗ 'ಕೆಲಸ ಮಾಡು' ಎಂಬುದಕ್ಕೆ 'ಕ್ಕೆ' ಸೇರಿಸಿ ನೋಡಿ. "ಮಾಡುಕ್ಕೆ ಒಗ್ಗಿದ್ದೇನೆ" ಎಂದು ಯಾರೂ ಹೇಳುವುದಿಲ್ಲ. ಮೊದಲು ಅದನ್ನು 'ಮಾಡುವುದು' ಎಂದು ನಾಮಪದ ಮಾಡಿಕೊಳ್ಳುತ್ತೇವೆ, ಆಮೇಲೆ "ಮಾಡುವುದಕ್ಕೆ ಒಗ್ಗಿದ್ದೇನೆ" ಎನ್ನುತ್ತೇವೆ. ಇಂಗ್ಲಿಷಿನ 'ಇಂಗ್' ಇಲ್ಲಿ ಮಾಡುವ ಕೆಲಸ ನಮ್ಮ 'ವುದು' ಮಾಡುವ ಕೆಲಸವೇ.

ಅನುಮಾನ ಬಂದಾಗ ಕ್ರಿಯಾಪದ ತೆಗೆದು ಅಲ್ಲಿ 'ದ ನಾಯ್ಸ್' ಇಟ್ಟು ನೋಡಿ. "ಐ ಆಮ್ ಯೂಸ್ಡ್ ಟು ದ ನಾಯ್ಸ್" ನಿಲ್ಲುತ್ತದೆ, ಆದ್ದರಿಂದ ಅಲ್ಲಿ 'ವರ್ಕಿಂಗ್'. "ಐ ಯೂಸ್ಡ್ ಟು ದ ನಾಯ್ಸ್" ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿ ಬರೀ 'ವರ್ಕ್'.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು:
ಇಷ್ಟೆಲ್ಲ ಬೇಡ ಮೇಡಂ. ಹಿಂದೆ ಆಮ್, ಈಸ್, ವಾಸ್ ಇದ್ದರೆ 'ಇಂಗ್' ಹಾಕಿ, ಇಲ್ಲದಿದ್ದರೆ ಹಾಕಬೇಡಿ. ನಾನು ಹೀಗೇ ಟಿಕ್ ಮಾಡೋದು.

ಅಧ್ಯಾಪಕಿ:
ಹತ್ತರಲ್ಲಿ ಎಂಟು ಸಲ ನಡೆಯಬಹುದು. ಆದರೆ ಈ ವಾಕ್ಯ ನೋಡಿ: "ದಿಸ್ ನೈಫ್ ಈಸ್ ಯೂಸ್ಡ್ ಟು ಕಟ್ ವೆಜಿಟಬಲ್ಸ್." 'ಈಸ್' ಇದೆ, ಆದರೂ 'ಕಟಿಂಗ್' ಅಲ್ಲ, 'ಕಟ್'. ಚಾಕುವಿಗೆ ತರಕಾರಿ ಹೆಚ್ಚುವುದು ಅಭ್ಯಾಸ ಆಗಿಲ್ಲ, ಅದನ್ನು ಹೆಚ್ಚಲು ಬಳಸುತ್ತಾರೆ. ಇಲ್ಲಿ 'ಯೂಸ್ಡ್' ನಿಜವಾಗಿಯೂ 'ಬಳಸು' ಎಂಬ ಕ್ರಿಯಾಪದ. ಪರೀಕ್ಷೆಯಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮ ಸೂತ್ರ ಕೈಕೊಡುತ್ತದೆ.

ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಚಾಕುವಿನ ವಾಕ್ಯದಲ್ಲಿ ಅದು "ಯೂಝ್ಡ್", ಝ ಸದ್ದು. ಅಭ್ಯಾಸದ ಅರ್ಥದಲ್ಲೂ 'ಹಿಂದೆ ಮಾಡುತ್ತಿದ್ದೆ' ಅನ್ನುವಾಗಲೂ ಅದು "ಯೂಸ್ಟು", ಡಿ ಅಕ್ಷರ ಕೇಳಿಸುವುದೇ ಇಲ್ಲ.

ಅಮೆರಿಕದಲ್ಲಿರುವ ಮೈಸೂರಿನವರು:
ನನಗೆ ತೊಡಕು 'ಗೆಟ್'ನಲ್ಲಿ. ಊರಲ್ಲಿ ಎಡಗಡೆ ಗಾಡಿ ಓಡಿಸಿದವನು, ಇಲ್ಲಿ ಬಲಗಡೆ. ಮೊದಲ ತಿಂಗಳು ಕೈ ತಾನಾಗಿ ಎಡಕ್ಕೇ ಹೋಗುತ್ತಿತ್ತು. ಈಗ ಅಭ್ಯಾಸ ಆಗಿದೆ. ಇದಕ್ಕೆ 'ಗಾಟ್' ಹೇಳಬೇಕಾ, 'ಆಮ್' ಹೇಳಬೇಕಾ?

ಅಧ್ಯಾಪಕಿ:
ನಿಮ್ಮ ಕನ್ನಡದಲ್ಲೇ ಉತ್ತರ ಇದೆ. "ಅಭ್ಯಾಸ ಆಗ್ತಾ ಇದೆ" ಎಂದರೆ "ಐ ಆಮ್ ಗೆಟಿಂಗ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ರೈಟ್". "ಎರಡೇ ತಿಂಗಳಲ್ಲಿ ಅಭ್ಯಾಸ ಆಯ್ತು" ಎಂದರೆ "ಐ ಗಾಟ್ ಯೂಸ್ಡ್ ಟು ಇಟ್ ಇನ್ ಟೂ ಮಂತ್ಸ್". "ಈಗ ಅಭ್ಯಾಸ ಆಗಿದೆ" ಎಂದರೆ "ಐ ಆಮ್ ಯೂಸ್ಡ್ ಟು ಇಟ್ ನೌ". 'ಗೆಟ್' ದಾರಿಯನ್ನು ಹೇಳುತ್ತದೆ, 'ಆಮ್' ತಲುಪಿದ ಜಾಗವನ್ನು. ಕಾಲಕ್ಕೆ ತಕ್ಕಂತೆ ಬದಲಾಗುವುದು 'ಗೆಟ್' ಮಾತ್ರ: ಗಾಟ್, ವಿಲ್ ಗೆಟ್, ಕುಡಂಟ್ ಗೆಟ್. ಅದರ ಮುಂದೆ 'ಯೂಸ್ಡ್ ಟು ಡ್ರೈವಿಂಗ್' ಎಂಬ ಬಾಲ ಯಾವಾಗಲೂ ಹಾಗೇ ಇರುತ್ತದೆ.

ಬಂದ ಹೊಸದರ ಮಾತಿಗೆ "ಐ ವಾಸ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ಲೆಫ್ಟ್" ಅನ್ನಿ. ಎಡಗಡೆಯದೇ ರೂಢಿಯಾಗಿತ್ತು, ಅದಕ್ಕೇ ಕಷ್ಟವಾಯಿತು ಎಂಬುದು ಅದರಲ್ಲಿ ಬರುತ್ತದೆ. 'ವಾಸ್' ಬಿಟ್ಟು "ಐ ಯೂಸ್ಡ್ ಟು ಡ್ರೈವ್ ಆನ್ ದ ಲೆಫ್ಟ್" ಎಂದರೆ ಬರೀ ಹಳೆಯ ಸುದ್ದಿ: ಮೊದಲು ಎಡಗಡೆ ಓಡಿಸುತ್ತಿದ್ದೆ.

ಗೃಹಿಣಿಯೊಬ್ಬರು, ಶಿರಸಿ:
ನಾನು ಪ್ರತಿ ಸೋಮವಾರ ದೇವಸ್ಥಾನಕ್ಕೆ ಹೋಗ್ತೀನಿ. "ಐ ಯೂಸ್ ಟು ಗೋ" ಅಂದರೆ ಸರಿ ತಾನೇ? ಇದೂ ಅಭ್ಯಾಸವೇ.

ಅಧ್ಯಾಪಕಿ:
ಇಲ್ಲ ಅಕ್ಕ. ಇದಕ್ಕೆ ವರ್ತಮಾನದ ರೂಪವೇ ಇಲ್ಲ. ಈಗಲೂ ಹೋಗುತ್ತಿದ್ದರೆ ಸುಮ್ನೆ "ಐ ಗೋ ಟು ದ ಟೆಂಪಲ್ ಎವ್ರಿ ಮಂಡೇ" ಸಾಕು. ಚಿಕ್ಕವರಿದ್ದಾಗ ಹೋಗುತ್ತಿದ್ದು ಈಗ ಬಿಟ್ಟಿದ್ದರೆ ಮಾತ್ರ "ಯೂಸ್ಡ್ ಟು ಗೋ". ಇಲ್ಲೊಂದು ಎಚ್ಚರ ಬೇಕು. ನಮ್ಮ 'ಹೋಗುತ್ತಿದ್ದೆ'ಗೆ ಎರಡು ಅರ್ಥ ಇವೆ. "ನಿನ್ನೆ ಸಂತೆಗೆ ಹೋಗುತ್ತಿದ್ದೆ, ಮಳೆ ಬಂತು" ಎಂಬುದು "ವಾಸ್ ಗೋಯಿಂಗ್". 'ವಾರವಾರ' ಎಂದು ಸೇರಿಸಲು ಆದರೆ ಮಾತ್ರ "ಯೂಸ್ಡ್ ಟು ಗೋ".

ಡಿ ಇಲ್ಲದ 'ಯೂಸ್ ಟು' ಬರುವುದು 'ಡಿಡ್' ಇದ್ದಾಗ: "ಡಿಡ್ ಯೂ ಯೂಸ್ ಟು ಗೋ?"

ಪ್ರೂಫ್ ನೋಡುವವರು:
ಕೊನೆಯದನ್ನು ಒಪ್ಪಲಾರೆ. 'ಡಿಡ್' ಇದ್ದರೂ ಡಿ ಉಳಿಸಿಕೊಂಡ ಅಚ್ಚಿನ ಪುಟಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಿವಿಗೆ ಎರಡೂ ಒಂದೇ. 'ಯೂಸ್ಡ್ ಟು' ಈಗ ಒಂದೇ ಪದದ ಹಾಗೆ ಗಟ್ಟಿಯಾಗಿದೆ, ಅದನ್ನು ಒಡೆಯುವುದು ಯಾಕೆ?

ಅಧ್ಯಾಪಕಿ:
ಎರಡೂ ಅಚ್ಚಿನಲ್ಲಿ ಸಿಗುತ್ತವೆ, ನಿಜ. ಭೂತಕಾಲವನ್ನು 'ಡಿಡ್' ಹೊತ್ತ ಮೇಲೆ ಮತ್ತೊಂದು ಡಿ ಬೇಡ ಎಂಬುದು ನನ್ನ ನಿಲುವು. "ಡಿಡ್ ಯೂ ವೆಂಟ್" ಅನ್ನುವುದಿಲ್ಲವಲ್ಲ. ಪರೀಕ್ಷೆ ಬರೆಯುವವರಿಗೆ ಡಿ ಬಿಡಿ ಎಂದೇ ಹೇಳುತ್ತೇನೆ.

ಪ್ರೂಫ್ ನೋಡುವವರು:
ಪರೀಕ್ಷೆಗೆ ಸರಿ. ನಾನು ನೋಡುವ ಪುಟದಲ್ಲಿ ಡಿ ಇದ್ದರೆ ಅಳಿಸುವುದಿಲ್ಲ.

ದಾವಣಗೆರೆಯ ನರ್ಸ್:
ಮೇಡಂ, ಹೊಸದಾಗಿ ಬರೆದಿದ್ದೇನೆ, ನೋಡಿ. "ಐ ಯೂಸ್ಡ್ ಟು ವರ್ಕ್ ಇನ್ ದ ಜನರಲ್ ವಾರ್ಡ್ ಫಾರ್ ತ್ರೀ ಇಯರ್ಸ್. ನೌ ಐ ವರ್ಕ್ ಇನ್ ದ ಐಸಿಯು. ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್ ಅಂಡ್ ಐ ವಿಲ್ ಗೆಟ್ ಯೂಸ್ಡ್ ಟು ದ ಕೋಲ್ಡ್ ವೆದರ್."

ಅಧ್ಯಾಪಕಿ:
ಮೂರನೆಯ ವಾಕ್ಯ ಚೆನ್ನಾಗಿದೆ, ಮುಟ್ಟಬೇಡಿ. ಮೊದಲನೆಯದರಲ್ಲಿ ಮಾತ್ರ ಒಂದು ತಿದ್ದುಪಡಿ. ಎಷ್ಟು ವರ್ಷ ಎಂದು ಲೆಕ್ಕ ಕೊಟ್ಟಾಗ 'ಯೂಸ್ಡ್ ಟು' ಹೊಂದುವುದಿಲ್ಲ. "ಐ ವರ್ಕ್ಡ್ ಇನ್ ದ ಜನರಲ್ ವಾರ್ಡ್ ಫಾರ್ ತ್ರೀ ಇಯರ್ಸ್" ಎಂದು ಬರೆದು ಕಳಿಸಿ.