ಸಹಾಯ ಬೇಕು: ರೋಲ್ ಪ್ಲೇ ಆದಮೇಲೆ ತಪ್ಪು ತಿದ್ದುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ಕಾಲೇಜೊಂದರಲ್ಲಿ ಮೊದಲ ವರ್ಷದ ಬಿ.ಕಾಂ. ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋಮ್‌ಸ್ಟೇ ರೋಲ್ ಪ್ಲೇ ಮಾಡಿಸುತ್ತಿದ್ದೇನೆ. ಒಬ್ಬರು ಅತಿಥಿ, ಇನ್ನೊಬ್ಬರು ಮನೆಯವರು. ಬುಕ್ ಮಾಡಿದ ರೂಮ್ ಖಾಲಿ ಇಲ್ಲ, ಮಾತಾಡಿ ಬಗೆಹರಿಸಬೇಕು.

ಮಧ್ಯೆ ತಿದ್ದಿದರೆ ಮಾತೇ ನಿಂತುಹೋಗುತ್ತದೆ. ಅದಕ್ಕೆ ಐದು ನಿಮಿಷ ಸುಮ್ನೆ ಓಡಾಡುತ್ತಾ ತಪ್ಪುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಆರು ವಾಕ್ಯ ಬೋರ್ಡ್ ಮೇಲೆ, ಹೆಸರಿಲ್ಲದೆ. ನಾಲ್ಕು ತಪ್ಪಿನವು, ಎರಡು ಚೆನ್ನಾಗಿ ಹೇಳಿದವು. ಜೋಡಿಯಾಗಿ ಅವರೇ ತಿದ್ದುತ್ತಾರೆ.

ತೊಡಕು ಇಲ್ಲೇ ಇದೆ. 'ಯೆಸ್ಟರ್‌ಡೇ ಐ ಆಮ್ ಬುಕ್ ದ ರೂಮ್' ಎಂಬುದನ್ನು ಬೋರ್ಡ್ ಮೇಲೆ 'ಐ ಬುಕ್ಡ್' ಎಂದು ಸರಿಯಾಗಿ ತಿದ್ದುತ್ತಾರೆ. ಪಾತ್ರ ಬದಲಿಸಿ ಅದೇ ಆಟ ಮತ್ತೆ ಆಡಿಸಿದರೆ 'ಐ ಆಮ್ ಬುಕ್' ವಾಪಸ್! ಗೊತ್ತಿಲ್ಲ ಅಂತಲ್ಲ, ಮಾತಿನ ಓಟದಲ್ಲಿ ನಾಲಿಗೆಗೆ ಬರುತ್ತಿಲ್ಲ, ಅಲ್ವಾ?

ಎರಡನೇ ಸುತ್ತಿಗೆ ಮುಂಚೆ ತಿದ್ದಿದ ವಾಕ್ಯಗಳನ್ನು ಜೋರಾಗಿ ಹೇಳಿಸಬೇಕೇ? ಅಥವಾ ಒಂದೇ ತಪ್ಪು, ಭೂತಕಾಲ ಮಾತ್ರ, ಹಿಡಿದುಕೊಂಡು ಉಳಿದದ್ದು ಬಿಡಬೇಕೇ? ಐವತ್ತು ಮಕ್ಕಳು, ಒಂದೇ ಗಂಟೆ. ಮಾಡಿ ನೋಡಿದವರು ದಯವಿಟ್ಟು ಬರೆಯಿರಿ. ಮುಂದಿನ ತರಗತಿ ಸೋಮವಾರ ಇದೆ.